ರಾಜ್ಯೋತ್ಸವ ಪ್ರಶಸ್ತಿ ಪ್ರದಾನ, ಸಾಗರ: ನಿರೂಪಣೆ ಸ್ಕ್ರಿಪ್ಟ್

(ಸುಮಾ, ಕಂಸದೊಳಗೆ ಇರೋದೆಲ್ಲ ನಿಂಗೆ ಮಾತ್ರ, ಮೈಕಲ್ಲಿ ಓದ್ಬೇಡ. ಹೆಸರುಗಳನ್ನ ಅವರವರ ಹತ್ರಾನೇ ಕೇಳಿ ಬರ್ಕೊಂಡಿದೀನಿ, ಹಾಗೇ ಹೇಳು. "ಸನ್ಮಾನ್ಯ", "ಅಪ್ರತಿಮ" ಎಲ್ಲ ಸೇರಿಸ್ಬೇಡ, ಟೈಮ್ ಪ್ರಶಸ್ತಿ ತಗೊಳ್ಳೋರಿಗೆ ಸಿಗ್ಲಿ.)

ಎಲ್ರಿಗೂ ನಮಸ್ಕಾರ. 1973ರ ನವೆಂಬರ್ 1ಕ್ಕೆ ನಮ್ಮ ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು ಬಂತು. ಆ ಹಬ್ಬನ ಒಂದೇ ದಿನಕ್ಕೆ ಮುಗಿಸೋ ಪೈಕಿ ನಾವಲ್ಲ, ಅದಕ್ಕೇ ತಿಂಗಳ ಕೊನೆಗೂ ಇಷ್ಟು ಜನ ಇಲ್ಲಿ ಸೇರಿದೀವಿ. ನಮ್ಮ ಕನ್ನಡ ಸಂಘ ಇವತ್ತು ಮೂರು ಜನ ಸಾಧಕರನ್ನ ಗೌರವಿಸ್ತಾ ಇದೆ. ಮೊಬೈಲ್‌ಗಳನ್ನ ಸೈಲೆಂಟ್ ಮಾಡಿ, ದಯವಿಟ್ಟು ಎಲ್ರೂ ಎದ್ದು ನಿಲ್ಲಿ, ಈಗ ನಾಡಗೀತೆ.

(ಅನಂತಸ್ವಾಮಿ ಅವರ ಧಾಟಿ, 2 ನಿಮಿಷ 30 ಸೆಕೆಂಡ್. ಮಕ್ಕಳು ವೇದಿಕೆ ಇಳಿಯೋ ತನಕ ಮೈಕ್ ಮುಟ್ಬೇಡ.)

ಹಾಡಿದ ಮಕ್ಕಳಿಗೆ ಒಂದು ಜೋರು ಚಪ್ಪಾಳೆ ಬರ್ಲಿ. ಈಗ ವೇದಿಕೆಯಲ್ಲಿ ಇರೋರ ಪರಿಚಯ. ಇವತ್ತಿನ ಅಧ್ಯಕ್ಷತೆ ನಮ್ಮ ಸಂಘದ ಅಧ್ಯಕ್ಷರಾದ ಶ್ರೀ ಹಾಲೇಶಪ್ಪ ಅವರದ್ದು (ಗಡಿಬಿಡೀಲಿ "ಆಲೇಶಪ್ಪ" ಆಗುತ್ತೆ, ಹುಷಾರು). ಪ್ರಶಸ್ತಿ ಪ್ರದಾನ ಮಾಡೋಕೆ ಬಂದಿರೋರು ಕನ್ನಡ ಪ್ರಾಧ್ಯಾಪಕರಾಗಿ ನಿವೃತ್ತರಾದ ಡಾ. ಜ್ಯೋತ್ಸ್ನಾ ಅವರು (ಜ್ಯೋತ್, ಸ್ನಾ. ಮನಸಲ್ಲಿ ಎರಡು ತುಂಡು ಮಾಡ್ಕೊ, ಬಾಯಲ್ಲಿ ಒಂದೇ ಉಸಿರು. ಹೋದ ಸಲ ಯಾರೋ "ಜೋಸ್ನ" ಅಂದ್ರು, ಮೇಡಂ ನಕ್ಕು ಸುಮ್ಮನಾದ್ರು, ಈ ಸಲ ಅದು ಬೇಡ). ಇಬ್ಬರಿಗೂ ಹಾರದ ಬದಲು ಪುಸ್ತಕ ಕೊಟ್ಟು ಸ್ವಾಗತ ಮಾಡ್ತಾ ಇದೀವಿ. ಇಬ್ಬರೂ ದೀಪ ಬೆಳಗಿಸಬೇಕು ಅಂತ ಕೇಳ್ಕೊಳ್ತೀನಿ.

(ದೀಪದ ಹತ್ರ ಫ್ಯಾನ್ ಆಫ್ ಮಾಡ್ಸು. ಬತ್ತಿ ಹತ್ತೋಕೆ ತಡ ಆದ್ರೆ ಏನೂ ಮಾತಾಡ್ಬೇಡ, ನಾದಸ್ವರ ನಡೀತಾ ಇರುತ್ತೆ.)

ಮೊದಲನೇ ಪ್ರಶಸ್ತಿ ನಮ್ಮ ಮಲೆನಾಡಿನ ಗೋಡೆಗಳಿಂದ ಬಂದಿರೋದು. ಮದುವೆ ಮನೇಲಿ ಹಸೆ ಗೋಡೆ ನೋಡದೆ ಬೆಳೆದೋರು ಈ ಸಭೇಲಿ ಕಮ್ಮಿ. ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಕೈಲಿ ಪುಂಡಿ ನಾರಿನ ಕುಂಚ, ಸ್ಕೇಲ್ ಇಲ್ಲ, ಆದ್ರೂ ಗೆರೆ ಎಲ್ಲೂ ಸೊಟ್ಟ ಹೋಗಲ್ಲ! ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಬರೆಯೋ ಕೈಯೂ ಇದೇ. ಹಸೆ ಚಿತ್ತಾರನ ಅಮ್ಮನಿಂದ ಕಲಿತು, ಈಗ ಓಣಿ ಹುಡುಗೀರಿಗೆ ಮನೆ ಜಗಲೀಲೇ ಕಲಿಸ್ತಾ ಇರೋ ಶ್ರೀಮತಿ ಗೌರಮ್ಮ ಅವರು ವೇದಿಕೆಗೆ ಬರಬೇಕು.

(ಅವರಿಗೆ ಮೊಣಕಾಲು ನೋವು, ಬಲಗಡೆ ಮೆಟ್ಟಿಲಿಂದ ಕರ್ಕೊಂಡ್ ಬರ್ತಾರೆ, ಅಲ್ಲಿ ತನಕ ಕಾಯ್ತಾ ಇರು. ಶಾಲು, ಫಲತಾಂಬೂಲ, ಫಲಕ, ಆಮೇಲೆ ಫೋಟೊ.)

ಗೆರೆ ತಪ್ಪದ ಕೈ ನೋಡಿದ್ವಿ, ಇನ್ನು ತಾಳ ತಪ್ಪದ ಕೈ. ಬಡಗುತಿಟ್ಟಿನ ಆಟಕ್ಕೆ ಹೋದಾಗ ನಾವೆಲ್ಲ ವೇಷ ನೋಡ್ತೀವಿ, ಮನೇಗೆ ಬಂದು ವೇಷಧಾರಿ ಹೆಸರೇ ಹೇಳ್ತೀವಿ, ರಂಗದ ಹಿಂದೆ ಭಾಗವತರ ಪಕ್ಕ ಬೆಳಗಿನ ತನಕ ಮದ್ದಳೆ ನುಡಿಸಿದೋರ ಹೆಸರು ಕೇಳಿದ್ರೆ ತಲೆ ಕೆರ್ಕೋತೀವಿ. ಅಂಥ ಹಿಮ್ಮೇಳದ ಹಿರಿಯರು ಶ್ರೀ ಮಂಜಪ್ಪ ಅವರು. ಬನ್ನಿ ಸರ್, ಇವತ್ತು ನೀವು ಮುಂದೆ ನಿಲ್ಲಬೇಕು.

(ಮದ್ದಳೆ ಅನ್ನು, ಮೃದಂಗ ಅಲ್ಲ. ಪೇಟ ಇವರಿಗೆ ಮಾತ್ರ. ಫಲಕ ಕೊಟ್ಟ ಮೇಲೆ ಎರಡು ನಿಮಿಷ ನುಡಿಸ್ತಾರೆ, ಮೈಕ್ ಕೆಳಗೆ ಇಳಿಸೋಕೆ ಹುಡುಗನಿಗೆ ಮೊದಲೇ ಹೇಳಿದೀನಿ. ಎರಡು ಐದಾದ್ರೂ ನಿಲ್ಲಿಸ್ಬೇಡ.)

ಇನ್ನೂ ಕಿವೀಲಿ ಮದ್ದಳೆ ಇದೆ ಅಲ್ವಾ? ಮೂರನೇ ಪ್ರಶಸ್ತಿ ತಗೊಳ್ಳೋರ ಕೆಲಸದಲ್ಲಿ ಸದ್ದೇ ಕಮ್ಮಿ. ಸರ್ಕಾರಿ ಕನ್ನಡ ಶಾಲೆ ಟೀಚರ್, ತರಗತಿ ಮೂಲೇಲಿ ಒಂದು ಕಬ್ಬಿಣದ ಬೀರು ಇಟ್ಟು ಲೈಬ್ರರಿ ಮಾಡಿದ್ರು, ಬೀರುಗೆ ಬೀಗ ಹಾಕಲ್ಲ. ಪುಸ್ತಕ ಕಳೆದು ಹೋಗಲ್ವಾ ಟೀಚರ್ ಅಂತ ಕೇಳಿದ್ರೆ, "ಹೋಗುತ್ತೆ, ಹೋದ ಮನೇಲಿ ಯಾರಾದ್ರೂ ಓದ್ತಾರೆ" ಅಂದ್ರು. ಶ್ರೀಮತಿ ಜ಼ೀನತ್ ಬಾನು ಅವರು, ದಯವಿಟ್ಟು ವೇದಿಕೆಗೆ ಬನ್ನಿ.

(ಜ಼ೀನತ್, ಹಲ್ಲಿನ ಸಂದಿಯಿಂದ ಗಾಳಿ ಬರೋ ಜ಼. ಜಾತ್ರೆಯ ಜ ಅಲ್ಲ. ಅವರ ಶಾಲೆ ಮಕ್ಕಳು ಕೂಗ್ತಾರೆ, ಕೂಗ್ಲಿ.)

ಮೂವರೂ ಒಟ್ಟಿಗೆ ವೇದಿಕೆ ಮೇಲಿದಾರೆ, ಎದ್ದು ನಿಂತು ಒಂದ್ಸಲ ಚಪ್ಪಾಳೆ ಹೊಡೆಯೋಣ. (ಇಲ್ಲಿ ಗ್ರೂಪ್ ಫೋಟೊ, ಮನೆಯವರನ್ನೂ ಕರಿ.) ಈಗ ಡಾ. ಜ್ಯೋತ್ಸ್ನಾ ಅವರು ಮಾತಾಡ್ತಾರೆ, ಆಮೇಲೆ ಅಧ್ಯಕ್ಷರ ಮಾತು.

(ಅಧ್ಯಕ್ಷರು ಹತ್ತು ನಿಮಿಷ ದಾಟಿದ್ರೆ ನಾನೇ ಚೀಟಿ ಕಳಿಸ್ತೀನಿ, ನೀನು ಎದ್ದು ನಿಲ್ಬೇಡ.)

ಧನ್ಯವಾದ ಸರ್. ವಂದನಾರ್ಪಣೆಗೆ ನಮ್ಮ ಕಾರ್ಯದರ್ಶಿಗಳು ಬರ್ತಾರೆ, ಅದಾದ ತಕ್ಷಣ ಪಕ್ಕದ ಹಾಲ್‌ನಲ್ಲಿ ಉಪಾಹಾರ ಇದೆ. ಗೌರಮ್ಮನವರು ಬರೆದ ಚಿತ್ತಾರಗಳನ್ನೂ ಅಲ್ಲೇ ಇಟ್ಟಿದೀವಿ, ನೋಡಿ, ಇಷ್ಟ ಆದ್ರೆ ಅವರ ಹತ್ರಾನೇ ಕೇಳಿ ತಗೊಳ್ಳಿ. ಹಿರಿಯರಿಗೆ ಮೊದಲು ದಾರಿ ಬಿಡೋಣ. ನಮಸ್ಕಾರ.