ಕ್ರೀಡಾಕೂಟಕ್ಕೆ ಕೈಜೋಡಿಸಿದ ನಿಮ್ಮೆಲ್ಲರಿಗೆ, ನಮ್ಮ ಶಾಲೆಯಿಂದ

ಕುಂಬಳೆ ಉಪಜಿಲ್ಲೆ, ಕಾಸರಗೋಡು
22 ಸೆಪ್ಟೆಂಬರ್ 2025, ಸೋಮವಾರ

ತೀರ್ಪುಗಾರರಾಗಿ ಬಂದ ಅಧ್ಯಾಪಕರಿಗೆ, ಪಂಚಾಯತು ವಾರ್ಡು ಮೆಂಬರರಿಗೆ, ಆರೋಗ್ಯ ಕೇಂದ್ರದ ಸಿಬ್ಬಂದಿಗೆ, ರಕ್ಷಕ ಶಿಕ್ಷಕ ಸಂಘ ಮತ್ತು ಮಾತೃ ಸಂಘದವರಿಗೆ, ಊರಿನ ಕ್ಲಬ್ಬಿನ ಹುಡುಗರಿಗೆ, ಹಳೆ ವಿದ್ಯಾರ್ಥಿಗಳಿಗೆ ಶಾಲೆಯ ನಮಸ್ಕಾರಗಳು.

ಮೊನ್ನೆ ಶನಿವಾರದ ವಾರ್ಷಿಕ ಕ್ರೀಡಾಕೂಟ ಚೆನ್ನಾಗಿ ಮುಗಿಯಿತು. ಸಂಜೆ ಬಹುಮಾನ ಹಂಚುವ ಗಡಿಬಿಡಿಯಲ್ಲಿ ನಿಮ್ಮಲ್ಲಿ ಅನೇಕರಿಗೆ ಸರಿಯಾಗಿ ಒಂದು ಮಾತು ಹೇಳಲೂ ಆಗಲಿಲ್ಲ. ವೇದಿಕೆಯಲ್ಲಿ ಧನ್ಯವಾದ ಹೇಳಿದ್ದು ಹೌದು. ಆದರೆ ಆ ಹೊತ್ತಿಗೆ ಮಕ್ಕಳ ಗಲಾಟೆಯಲ್ಲಿ ಅದು ಯಾರಿಗೆ ಕೇಳಿಸಿತೋ! ಹಾಗಾಗಿ ಈ ಪತ್ರ.

ನಿಮಗೆಲ್ಲ ಗೊತ್ತಿರುವ ವಿಷಯವೇ: ನಮ್ಮದು ಸಣ್ಣ ಶಾಲೆ. ಮಕ್ಕಳ ಸಂಖ್ಯೆಯ ಲೆಕ್ಕದಲ್ಲಿ ನಮಗೆ ದೈಹಿಕ ಶಿಕ್ಷಣ ಅಧ್ಯಾಪಕರ ಹುದ್ದೆ ಸಿಗುವುದಿಲ್ಲ. ಗಣಿತ ಟೀಚರೇ ವಿಸಿಲ್ ಊದಬೇಕು, ಹಿಂದಿ ಮಾಷ್ಟ್ರೇ ಗುಂಡೆಸೆತ ಕಲಿಸಬೇಕು. ಕ್ರೀಡಾಕೂಟವೆಂದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಓಡಿಸುವುದಷ್ಟೇ ಅಲ್ವಲ್ಲ. ಗೆರೆ ಸರಿ ಇರಬೇಕು, ಅಳತೆ ಸರಿ ಇರಬೇಕು, ಬರೆದಿಡುವವರು ಕಣ್ಣು ತೆರೆದಿರಬೇಕು. ಆ ಒಂದು ದಿನ ನಮಗಿಲ್ಲದ ದೈಹಿಕ ಶಿಕ್ಷಣ ವಿಭಾಗವೇ ನೀವಾದಿರಿ.

ಮೊದಲು ಕ್ಲಬ್ಬಿನ ಹುಡುಗರ ಮಾತು. ಶುಕ್ರವಾರ ಸಂಜೆ ಟ್ರ್ಯಾಕಿಗೆ ಸುಣ್ಣದ ಹುಡಿ ಹಾಕಿ ಮುಗಿಸಿದ್ದರು. ಏಳು ಗಂಟೆಗೆ ಬಂದ ಮಳೆ ಅಷ್ಟನ್ನೂ ತೊಳೆದುಕೊಂಡು ಹೋಯಿತು. ಮಳೆಗಾಲ ಮುಗಿಯಿತೆಂದು ನಂಬಿದ ನಮಗೆ ಏನು ಮಾಡುವುದೆಂದೇ ತೋಚಲಿಲ್ಲ. ಬೆಳಿಗ್ಗೆ ಇನ್ನೂ ಕತ್ತಲಿರುವಾಗಲೇ ಅವರು ಬೈಕುಗಳ ಲೈಟು ಹಾಕಿಕೊಂಡು ಮತ್ತೆ ಗೆರೆ ಎಳೆಯಲು ಶುರು ಮಾಡಿದ್ದರು. ಲಾಂಗ್ ಜಂಪ್ ಹೊಂಡದ ಒದ್ದೆ ಹೊಯ್ಗೆಯನ್ನು ಮೇಲಕ್ಕೆ ಕೆಳಕ್ಕೆ ಮಗುಚಿ ಹಾಕಿದ್ದೂ ಅವರೇ. ಯಾರೂ ಕರೆದು ಹೇಳಿರಲಿಲ್ಲ. ಒಂಬತ್ತೂವರೆಗೆ ಮೆಂಬರರು ಧ್ವಜ ಹಾರಿಸುವಾಗ ಗ್ರೌಂಡಿನಲ್ಲಿ ಮಳೆ ಬಂದ ಗುರುತೇ ಇರಲಿಲ್ಲ ಅನ್ನಬೇಕು, ಆ ಮೂಲೆಯ ಕೆಸರೊಂದು ಬಿಟ್ಟು.

ಪಕ್ಕದ ಹೈಸ್ಕೂಲುಗಳಿಂದ ಬಂದ ದೈಹಿಕ ಶಿಕ್ಷಣ ಅಧ್ಯಾಪಕರಿಗೆ ನಾವು ಎಷ್ಟು ಹೇಳಿದರೂ ಕಡಿಮೆ. ರಜೆಯ ದಿನ, ಅವರವರ ಶಾಲೆಯ ಮಕ್ಕಳ ತರಬೇತಿಯನ್ನು ಬಿಟ್ಟು ಬಂದಿದ್ದರು. 200 ಮೀಟರ್ ಓಟಕ್ಕೆ ಮಕ್ಕಳನ್ನು ನಿಲ್ಲಿಸಿದಾಗ ಒಬ್ಬರು ತಂದೆ ತಕರಾರು ಎತ್ತಿದ್ದು ನೆನಪಿದೆಯಲ್ಲ? 'ನಾಲ್ಕನೇ ಲೇನಿನ ಹುಡುಗ ಅಷ್ಟು ಮುಂದೆ ನಿಂತರೆ ನಮ್ಮವನು ಗೆಲ್ಲುವುದು ಹೇಗೆ?' ಎಂದು. ಸ್ಟಾರ್ಟರ್ ಆಗಿದ್ದ ಮಾಷ್ಟ್ರು ಸಿಟ್ಟಾಗಲಿಲ್ಲ. ಕ್ಲಾಪರ್ ಬದಿಗಿಟ್ಟು ಅವರನ್ನು ಟ್ರ್ಯಾಕಿನ ಬಳಿಗೆ ಕರೆದುಕೊಂಡು ಹೋದರು. ಒಂದು ಲೇನಿನ ಅಗಲ 1.22 ಮೀಟರ್. ಹೊರಗಿನ ಲೇನಿನವನಿಗೆ ತಿರುವು ದೊಡ್ಡದು. ಪೂರ್ತಿ ಒಂದು ಸುತ್ತು ಓಡುವಾಗ ಲೇನಿಗೆ 7.67 ಮೀಟರಿನಂತೆ ಅವನಿಗೆ ಓಟ ಜಾಸ್ತಿ ಬೀಳುತ್ತದೆ. ಅದಕ್ಕೇ ಅಷ್ಟು ಮುಂದೆ ನಿಲ್ಲಿಸುವುದು. ಹೀಗೆ ಟೇಪು ಹಿಡಿದೇ ತೋರಿಸಿದರು. ಆ ತಂದೆ ಮಧ್ಯಾಹ್ನದ ನಂತರ ಲೇನ್ ಅಂಪೈರರ ಜೊತೆ ಬಾವುಟ ಹಿಡಿದು ನಿಂತಿದ್ದರು! ನಮ್ಮ ಏಳನೇ ತರಗತಿಯ ಮಕ್ಕಳು ಇವತ್ತು ಗಣಿತ ತರಗತಿಯಲ್ಲಿ ಅದೇ ಲೆಕ್ಕ ಮಾಡಿದರು. ಅದಕ್ಕೂ ನಿಮಗೇ ಥ್ಯಾಂಕ್ಸ್.

ಯುಪಿ ಕಿಡ್ಡೀಸ್ ರಿಲೇಯ ಬಗ್ಗೆ ಬರೆಯದೆ ಇರಲು ಆಗುವುದಿಲ್ಲ. ನೀಲಿ ತಂಡವೋ ಹಳದಿ ತಂಡವೋ ಎಂದು ಗ್ರೌಂಡಿಡೀ ಎರಡಾಯಿತು. ನಾಲ್ಕಾರು ಮೊಬೈಲುಗಳಲ್ಲಿ ವೀಡಿಯೊ ಇತ್ತು, ಪ್ರತಿಯೊಂದರಲ್ಲೂ ಬೇರೆ ಬೇರೆ ತಂಡ ಗೆದ್ದಿತ್ತು. ಓರೆಯಲ್ಲಿ ನಿಂತು ಹಿಡಿದರೆ ಹಾಗೆಯೇ ಆಗುವುದು. ಮುಕ್ತಾಯದ ಗೆರೆಗೆ ನೇರವಾಗಿ ಕುಳಿತಿದ್ದ ತೀರ್ಪುಗಾರರು ಮಾತ್ರ ಅವಸರ ಮಾಡಲಿಲ್ಲ. ಕೈಯೂ ಅಲ್ಲ, ತಲೆಯೂ ಅಲ್ಲ, ಯಾರ ಎದೆಯ ಭಾಗ ಮೊದಲು ಗೆರೆ ಮುಟ್ಟಿತು ಎಂಬುದೇ ಲೆಕ್ಕ ಎಂದು ಮೈಕಿನಲ್ಲಿ ಹೇಳಿದರು. ಒಬ್ಬೊಬ್ಬರೂ ತಾವು ಕಂಡದ್ದನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದುಕೊಟ್ಟರು. ಆಮೇಲೆಯೇ ಹಳದಿ ಎಂದು ಘೋಷಿಸಿದರು. ನೀಲಿ ತಂಡದ ಮಕ್ಕಳ ಮುಖ ಬಾಡಿದ್ದು ನಿಜ. ಆದರೆ 'ಮೋಸ' ಎಂಬ ಮಾತು ಒಂದು ಮಗುವಿನ ಬಾಯಿಂದಲೂ ಬರಲಿಲ್ಲ. ನಮಗೆ ಅದು ಟ್ರೋಫಿಗಿಂತ ಹೆಚ್ಚು.

ಅಡುಗೆಯ ಕಡೆಗೆ ಬರೋಣ. ಮಾತೃ ಸಂಘದವರು ಮತ್ತು ಕುಟುಂಬಶ್ರೀಯ ಅಕ್ಕಂದಿರು ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಗಂಜಿ, ಹೆಸರು ಪಲ್ಯ, ಚಟ್ನಿ ಮಾಡಿ ಬಡಿಸಿದರು. ಬಿಸಿಲೇರಿದಾಗ ಕೊಟ್ಟ ಪುನರ್ಪುಳಿ ಶರಬತ್ತಿನ ಹೆಸರನ್ನು ಮಕ್ಕಳು ಇನ್ನೂ ಹೇಳುತ್ತಿದ್ದಾರೆ. ಒಂದು ಪ್ಲಾಸ್ಟಿಕ್ ಲೋಟವೂ ಬಳಸದೆ ಎಲ್ಲವನ್ನೂ ಸ್ಟೀಲ್ ಲೋಟದಲ್ಲಿ ಕೊಟ್ಟದ್ದರಿಂದ ಹಸಿರು ಕರ್ಮಸೇನೆಯವರಿಗೆ ಕೆಲಸ ಕಡಿಮೆಯಾಯಿತು. ತೊಳೆಯುವ ಕೆಲಸ ಮಾತ್ರ ಅಕ್ಕಂದಿರ ತಲೆಗೇ ಬಿತ್ತು. ಬರುವ ವರ್ಷ ತೊಳೆಯಲು ಗಂಡಸರ ತಂಡವೊಂದು ಬೇಕು ಎಂದು ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಹೇಳುವುದೆಂದು ನಾವು ನಿಶ್ಚಯಿಸಿದ್ದೇವೆ. ಈಗಲೇ ತಿಳಿಸಿದ್ದೇವೆ, ಆಮೇಲೆ ಗೊತ್ತಿರಲಿಲ್ಲ ಅನ್ನಬೇಡಿ.

ಆರೋಗ್ಯ ಕೇಂದ್ರದ ನರ್ಸಮ್ಮ ಮತ್ತು ಆಶಾ ಕಾರ್ಯಕರ್ತೆಯರು ಇಡೀ ದಿನ ಮಾವಿನ ಮರದಡಿ ಕುಳಿತಿದ್ದರು. ತರಚಿದ ಮೊಣಕಾಲು, ಉಳುಕಿದ ಕಾಲು, ಊಟ ಮಾಡದೆ ಓಡಿ ತಲೆ ತಿರುಗಿದ ಒಬ್ಬ ಹುಡುಗಿ, ಇಷ್ಟೇ. ದೊಡ್ಡದೇನೂ ಆಗಲಿಲ್ಲ. ಆದರೂ ಆಟೋ ಸ್ಟ್ಯಾಂಡಿನ ಅಣ್ಣಂದಿರು ಸರದಿಯಂತೆ ಒಂದು ಆಟೋವನ್ನು ಗೇಟಿನಲ್ಲೇ ನಿಲ್ಲಿಸಿಕೊಂಡಿದ್ದರು. ಶನಿವಾರದ ಬಾಡಿಗೆ ಬಿಟ್ಟು ಹಾಗೆ ನಿಲ್ಲುವುದೆಂದರೆ ಏನೆಂದು ನಮಗೆ ಗೊತ್ತು.

ಮೈಕ್ ಹಿಡಿದ ಹಳೆ ವಿದ್ಯಾರ್ಥಿ ಕನ್ನಡ, ಮಲಯಾಳ, ತುಳು ಮೂರರಲ್ಲೂ ಮಾತಾಡಿದರು. ಅಜ್ಜಂದಿರ ನಡಿಗೆ ಸ್ಪರ್ಧೆಯ ತುಳು ವಿವರಣೆಗೆ ಬಿದ್ದ ಚಪ್ಪಾಳೆ ಓಡಿದ ಮಕ್ಕಳಿಗೂ ಬಿದ್ದಿರಲಿಲ್ಲ. ಪದಕ, ಟ್ರೋಫಿಗಳ ಖರ್ಚು ನೋಡಿಕೊಂಡವರು ತಮ್ಮ ಹೆಸರು ಹೇಳಬಾರದೆಂದು ಕೇಳಿದ್ದಾರೆ. ಅವರಿಗೂ ನಮ್ಮ ವಂದನೆ.

ಇನ್ನು ಕೆಲವು ಸಣ್ಣ ವಿಷಯಗಳು. ಉಪಜಿಲ್ಲಾ ಕೂಟಕ್ಕೆ ಆಯ್ಕೆಯಾದ ಮಕ್ಕಳಿಗೆ ಬುಧವಾರದಿಂದ ಸಂಜೆ ನಾಲ್ಕರಿಂದ ಐದರವರೆಗೆ ಅಭ್ಯಾಸ ಇದೆ. ರಿಲೇ ಕೋಲು ಕೈ ಬದಲಿಸುವುದನ್ನು ಕಲಿಸಲು ಒಬ್ಬ ಮಾಷ್ಟ್ರು ವಾರಕ್ಕೊಂದು ದಿನ ಬರಲು ಒಪ್ಪಿದ್ದಾರೆ. ಕ್ಲಬ್ಬಿನಿಂದ ತಂದ ಸ್ಟಾಪ್‌ವಾಚುಗಳು ಮತ್ತು ಅಳತೆ ಟೇಪು ಆಫೀಸಿನಲ್ಲಿ ಜಾಗ್ರತೆಯಾಗಿವೆ. ತೀರ್ಪುಗಾರರು ಮತ್ತು ಸ್ವಯಂಸೇವಕರ ಪ್ರಮಾಣಪತ್ರಗಳು ಗುರುವಾರದೊಳಗೆ ಸಿದ್ಧವಾಗುತ್ತವೆ, ಮಕ್ಕಳ ಕೈಯಲ್ಲೇ ಕಳಿಸುತ್ತೇವೆ. ಎರಡು ಕೊಡೆ, ಒಂದು ಕಪ್ಪು ಬಣ್ಣದ ಚಪ್ಪಲಿ ಜೋಡಿ, ಅಡುಗೆ ಕೋಣೆಯಲ್ಲಿ ಒಂದು ದೊಡ್ಡ ಸೌಟು ಉಳಿದಿವೆ. ಸೌಟಿನ ಹಿಡಿಯಲ್ಲಿ ಹಸಿರು ನೂಲು ಸುತ್ತಿದೆ. ಯಾರದ್ದೆಂದು ನೋಡಿ ತೆಗೆದುಕೊಂಡು ಹೋಗಿ, ಬಂದಾಗ ಒಂದು ಚಾ ಕುಡಿದೇ ಹೋಗಬೇಕು.

ಇತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ
ಅಧ್ಯಾಪಕ ಬಳಗ ಮತ್ತು ಎಲ್ಲ ಮಕ್ಕಳ ಪರವಾಗಿ