ಫೆಬ್ರವರಿ 24 ಮಂಗಳವಾರ ರಾತ್ರಿ 2ರಿಂದ ಬೆಳಿಗ್ಗೆ 4:30 ಸರ್ವರ್ ಶಿಫ್ಟಿಂಗ್ ಇದೆ, ಗಲ್ಲಾ ಮುಚ್ಚೋ ಮುಂಚೆ ಸಿಂಕ್ ನೋಡ್ಕೊಳ್ಳಿ

ಎಲ್ಲಾ ಹೋಟೆಲ್ ಮಾಲೀಕರಿಗೂ, ಮ್ಯಾನೇಜರುಗಳಿಗೂ, ಗಲ್ಲಾದಲ್ಲಿ ಕೂರೋರಿಗೂ ನಮಸ್ಕಾರ,

ಮೊದಲು ಕೆಲಸದ ಮಾತು ಹೇಳ್ಬಿಡ್ತೀನಿ, ಯಾಕಂದ್ರೆ ಪೂರ್ತಿ ಮೇಲ್ ಓದೋಕೆ ನಿಮಗೆ ಪುರುಸೊತ್ತು ಇರಲ್ಲ ಅಂತ ಗೊತ್ತು. 2026ರ ಫೆಬ್ರವರಿ 24 ಮಂಗಳವಾರ ರಾತ್ರಿ, ಅಂದ್ರೆ ಕ್ಯಾಲೆಂಡರ್ ಪ್ರಕಾರ 25 ಬುಧವಾರ, 2 ಗಂಟೆಯಿಂದ 4:30ರ ತನಕ ನಮ್ಮ ಬಿಲ್ಲಿಂಗ್ ಸರ್ವರ್ ಬಂದ್ ಇರುತ್ತೆ. ಅವತ್ತು ರಾತ್ರಿ ನೀವು ಮಾಡಬೇಕಾಗಿರೋದು ಒಂದೇ: ಡೇ ಕ್ಲೋಸ್ ಆದ್ಮೇಲೆ ಸ್ಕ್ರೀನಿನ ಮೇಲ್ಗಡೆ ‘ಸಿಂಕ್ ಬಾಕಿ’ ಅಂತ ಒಂದು ನಂಬರ್ ಬರುತ್ತಲ್ಲ, ಅದು ಸೊನ್ನೆ ಆಗೋ ತನಕ ಮಷಿನ್ ಆಫ್ ಮಾಡ್ಬೇಡಿ. ಎರಡು ಮೂರು ಕೌಂಟರ್ ಇರೋರು ಎಲ್ಲಾ ಕೌಂಟರಲ್ಲೂ ನೋಡಿ, ಪಾರ್ಸೆಲ್ ಕೌಂಟರಿನ ಟ್ಯಾಬ್ಲೆಟ್ಟೊಂದು ಯಾವಾಗ್ಲೂ ಮರೆತು ಹೋಗುತ್ತೆ.

ಅಕಸ್ಮಾತ್ ಸೊನ್ನೆ ಆಗ್ಲಿಲ್ಲ, ನೆಟ್ ಹೋಯ್ತು ಅಂದ್ರೂ ಗಾಬರಿ ಬೇಡ, ಬಿಲ್ಲುಗಳು ಆ ಮಷಿನ್ನಿನಲ್ಲೇ ಇರ್ತವೆ, ಬೆಳಿಗ್ಗೆ ತಾವಾಗೇ ಮೇಲೆ ಹೋಗ್ತವೆ. ಆದ್ರೆ ಆಪ್ ಲಾಗೌಟ್ ಮಾಡೋದು, ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕೋದು, ಸ್ಲೋ ಇದೆ ಅಂತ ‘ಕ್ಲಿಯರ್ ಡೇಟಾ’ ಒತ್ತೋದು, ಇದು ಮೂರೂ ದಯವಿಟ್ಟು ಮಾಡ್ಬೇಡಿ, ಹಾಗೆ ಮಾಡಿದ್ರೆ ಮೇಲೆ ಹೋಗದೆ ಉಳಿದಿರೋ ಬಿಲ್ಲನ್ನ ವಾಪಸ್ ತರೋಕೆ ನಮ್ಮ ಕೈಲೂ ಆಗಲ್ಲ.

ಈಗ ಏನು ಮಾಡ್ತಿದೀವಿ ಅಂತ ಹೇಳ್ತೀನಿ. ಇಲ್ಲೀತನಕ ನಿಮ್ಮ ಡೇಟಾ ನವಿ ಮುಂಬಯಿಯ ಮಹಾಪೆಯಲ್ಲಿ ನಾವು ಬಾಡಿಗೆಗೆ ತಗೊಂಡಿರೋ ಸರ್ವರುಗಳಲ್ಲಿತ್ತು, ಅದನ್ನ ಅಮೆಜಾನಿನ ಕ್ಲೌಡಿಗೆ ಒಯ್ತಿದೀವಿ, ಅದರ ಮುಂಬಯಿ ರೀಜನ್ನಿಗೆ (`ap-south-1`), ಅಂದ್ರೆ ಡೇಟಾ ದೇಶ ಬಿಟ್ಟು ಹೋಗಲ್ಲ, ಮುಂಬಯಿ ಬಿಟ್ಟೂ ಹೋಗಲ್ಲ. ಆ ರೀಜನ್ 2016ರಿಂದ ನಡೀತಿದೆ, ಒಳಗೆ ಮೂರು ಬೇರೆ ಬೇರೆ ಜಾಗ ಇವೆ, ಒಂದಕ್ಕೊಂದು ಕರೆಂಟು ನೆಟ್‌ವರ್ಕು ಎಲ್ಲಾ ಬೇರೆ. ನಾವು ಎರಡರಲ್ಲಿ ಕಾಪಿ ಇಡ್ತೀವಿ, ಒಂದು ಕಡೆ ಏನಾದ್ರೂ ಆದ್ರೆ ಇನ್ನೊಂದು ಎದ್ದು ನಿಲ್ಲುತ್ತೆ. ಇನ್ನೊಂದು ಕಾರಣ ಶನಿವಾರ ಭಾನುವಾರದ ಸಂಜೆ. ಮಾಟುಂಗಾ, ಡೊಂಬಿವಲಿ, ಪುಣೆ ಎಲ್ಲಾ ಕಡೆ ಒಂದೇ ಸಲ ರಶ್ ಆಗುತ್ತೆ, ಆ ನಾಲ್ಕು ಗಂಟೆಗೋಸ್ಕರ ವಾರವಿಡೀ ದೊಡ್ಡ ಸರ್ವರ್ ಇಟ್ಕೊಳ್ಳೋದು ದಂಡ, ಕ್ಲೌಡಲ್ಲಿ ಬೇಕಾದಾಗ ಹೆಚ್ಚಿಸಿ ಬೇಡದಾಗ ಇಳಿಸಬಹುದು. ನಿಮ್ಮ ತಿಂಗಳ ಚಾರ್ಜ್ ಇದ್ರಿಂದ ಹೆಚ್ಚಾಗಲ್ಲ, ಕೇಳೋ ಮುಂಚೆನೇ ಹೇಳ್ಬಿಟ್ಟೆ.

ಟೈಮ್ ಯಾಕೆ ಇದೇ ಅಂದ್ರೆ, ಪರ್ಮಿಟ್ ರೂಮಿನೋರು ಒಂದೂವರೆಗೆ ಶಟರ್ ಎಳೀತಾರೆ, ಬೆಳಗಿನ ಹೋಟೆಲಿನೋರಿಗೆ ಐದಕ್ಕೆಲ್ಲಾ ಇಡ್ಲಿ ಹಬೆ ಏಳ್ಬೇಕು, ನಡುವೆ ನಮಗೆ ಸಿಗೋದು ಅಷ್ಟೇ ಹೊತ್ತು. ತಾರೀಖೂ ಹಾಗೇ ನೋಡಿ ಇಟ್ಟಿದ್ದು. 11ರ ಜಿಎಸ್‌ಟಿಆರ್-1, 20ರ 3ಬಿ ಎರಡೂ ಮುಗಿದಿರುತ್ತೆ, ಸಂಕಷ್ಟಿ ಇಲ್ಲ, ಸಾಬುದಾಣಾ ವಡೆಯ ಗಲಾಟೆ ಇಲ್ಲ, ಮಾರ್ಚಿಗೆ ತಳ್ಳಿದ್ರೆ ಹೋಳಿ, ಅದಾದ್ಮೇಲೆ ಇಯರ್ ಎಂಡಿಂಗ್, ಆಗ ಸರ್ವರ್ ಮುಟ್ಟೋಕೆ ನಿಮ್ಮ ಸಿಎಗಳು ನನ್ನನ್ನ ಬಿಡಲ್ಲ.

ಅವತ್ತು ರಾತ್ರಿ 1:45ಕ್ಕೆ ಹೊಸ ಬಿಲ್ ಸರ್ವರಿಗೆ ಹೋಗೋದು ನಿಲ್ಲುತ್ತೆ, ರಿಪೋರ್ಟ್ ಮಾತ್ರ ನೋಡಬಹುದು. 2ಕ್ಕೆ ಅದೂ ಬಂದ್. ಹಳೇ ಡೇಟಾಬೇಸಿನ ಕಾಪಿ ಈಗಾಗ್ಲೇ ಹೊಸ ಜಾಗದಲ್ಲಿ ತಯಾರಾಗಿದೆ, ನೀವು ಇಲ್ಲಿ ಬಿಲ್ ಹೊಡೆದ ಕೆಲವೇ ಸೆಕೆಂಡಲ್ಲಿ ಅಲ್ಲೂ ಬರ್ತಿದೆ, ಹಾಗಿದ್ಮೇಲೆ ಎರಡೂವರೆ ಗಂಟೆ ಯಾಕೆ ಅಂತ ನಮ್ಮ ಗಿರಾಕಿಯೊಬ್ರು ಫೋನಲ್ಲೇ ಕೇಳಿದ್ರು, ಸರಿಯಾದ ಪ್ರಶ್ನೆ. ಬದಲಾಯಿಸೋಕೆ ಅರ್ಧ ಮುಕ್ಕಾಲು ಗಂಟೆ ಸಾಕು, ಉಳಿದಿದ್ದೆಲ್ಲಾ ತಾಳೆ ನೋಡೋಕೆ. ಪ್ರತಿ ಹೋಟೆಲಿನ ಬಿಲ್ ಸಂಖ್ಯೆ, ದಿನದ ಟೋಟಲ್, ಕ್ಯಾಶ್ ಎಷ್ಟು ಯುಪಿಐ ಎಷ್ಟು, ಉದ್ರಿ ಖಾತೆಯ ಬಾಕಿ, ಹಳೇದು ಹೊಸದು ಎರಡರಲ್ಲೂ ಪೈಸೆ ಪೈಸೆ ಒಂದೇ ಬರ್ಬೇಕು. 3:30ಕ್ಕೆ ತಾಳೆ ಆಗ್ಲಿಲ್ಲ ಅಂದ್ರೆ ಹಳೇ ಸರ್ವರನ್ನೇ ಮತ್ತೆ ಚಾಲೂ ಮಾಡ್ತೀವಿ. ಆ ನಿರ್ಧಾರ ಮೂರೂವರೆಗೇ ಯಾಕೆ ಅಂದ್ರೆ, ಬೆಳಿಗ್ಗೆ ನೀವು ಹೊಸದರಲ್ಲಿ ಮೊದಲ ಚಾದ ಬಿಲ್ ಹೊಡೆದ್ರೆ ಮುಗೀತು, ಆಮೇಲೆ ಹಿಂದೆ ಹೋಗೋದಂದ್ರೆ ಆ ಬಿಲ್ಲುಗಳನ್ನ ಹೆಕ್ಕಿ ಹೆಕ್ಕಿ ವಾಪಸ್ ಸೇರಿಸ್ಬೇಕು, ಅಲ್ಲೇ ಲೆಕ್ಕ ಕೆಡೋದು. ವಾಪಸ್ ಬಂದ್ರೂ ನಿಮ್ಮ ಬೆಳಗಿನ ಧಂದೆಗೆ ಏನೂ ಆಗಲ್ಲ, ನನಗೆ ಮಾತ್ರ ಇನ್ನೊಂದು ರಾತ್ರಿ ನಿದ್ದೆ ಇಲ್ಲ, ಮುಂದಿನ ತಾರೀಖು ಮತ್ತೆ ಮೇಲ್ ಮಾಡ್ತೀನಿ.

ರಾತ್ರಿ ಇಡೀ ತೆರೆದಿರೋರು ಮತ್ತು ಕ್ಲೌಡ್ ಕಿಚನ್‌ನೋರು ಇದನ್ನ ಸ್ವಲ್ಪ ಗಮನ ಇಟ್ಟು ಓದಿ. ಆ ಹೊತ್ತಲ್ಲಿ ಬಿಲ್ ಆಫ್‌ಲೈನಲ್ಲಿ ಬರುತ್ತೆ, ಕೆಒಟಿನೂ ಅಡುಗೆಮನೆ ಪ್ರಿಂಟರಿಗೆ ಹೋಗುತ್ತೆ, ಅದು ನಿಮ್ಮ ಲೋಕಲ್ ವೈಫೈ ಮೇಲೇ ನಡೆಯೋದು. ಬಿಲ್ಲಿನ ಮೇಲೆ ಮೊತ್ತದ ಸಮೇತ ಬರೋ ಕ್ಯೂಆರ್ ಮಾತ್ರ ಬರಲ್ಲ, ಟೇಬಲ್ ಮೇಲಿರೋ ಬ್ಯಾಂಕಿನ ಸ್ಟಾಂಡ್ ತೋರಿಸಿ, ಅದಕ್ಕೂ ನಮಗೂ ಸಂಬಂಧ ಇಲ್ಲ, ಯಾವಾಗ್ಲೂ ನಡೆಯುತ್ತೆ. ಜೊಮಾಟೊ ಸ್ವಿಗ್ಗಿ ಆರ್ಡರ್ ನಮ್ಮ ಸ್ಕ್ರೀನಿಗೆ ಬರಲ್ಲ, ಅವರದೇ ಆಪಲ್ಲಿ ಅಕ್ಸೆಪ್ಟ್ ಮಾಡಿ ಕೆಒಟಿ ಕೈಯಲ್ಲಿ ಹಾಕ್ಬೇಕು.

ಬಿಲ್ ನಂಬರ್ ಬಗ್ಗೆ ತುಂಬಾ ಜನ ಕೇಳ್ತಿದಾರೆ. ಸೀರೀಸ್ ಹಾಗೇ ಮುಂದುವರೀತದೆ. ಒಂದು ಹಣಕಾಸು ವರ್ಷದಲ್ಲಿ ನಂಬರ್ ಸಾಲಾಗಿರ್ಬೇಕು, ರಿಪೀಟ್ ಆಗ್ಬಾರ್ದು, 16 ಅಕ್ಷರ ದಾಟ್ಬಾರ್ದು ಅಂತ ಜಿಎಸ್‌ಟಿ ನಿಯಮನೇ ಇದೆ, ಆಫ್‌ಲೈನ್ ಬಿಲ್ಲಿಗೂ ಪ್ರತಿ ಕೌಂಟರಿಗೆ ಅದರದೇ ಸೀರೀಸ್ ಇರೋದು ಇದಕ್ಕೇ.

ಬುಧವಾರ ಬೆಳಿಗ್ಗೆ ಮೊದಲ ಅರ್ಧ ಗಂಟೆ ರಿಪೋರ್ಟ್ ತೆರೆಯೋದು ನಿಧಾನ ಅನ್ನಿಸಬಹುದು, ಬಿಲ್ ನಿಧಾನ ಆಗಲ್ಲ. ಮೊಬೈಲ್, ಟ್ಯಾಬ್ಲೆಟ್ ಆಪ್ 22ನೇ ತಾರೀಖಿನೊಳಗೆ ಅಪ್‌ಡೇಟ್ ಮಾಡಿಟ್ಕೊಳ್ಳಿ, ಹಳೇ ವರ್ಷನ್ನಿಗೆ ಹೊಸ ಸರ್ವರಿನ ದಾರಿ ಗೊತ್ತಿಲ್ಲ. ವಿಂಡೋಸ್ ಕಂಪ್ಯೂಟರ್ ಕೌಂಟರ್ ಇರೋರಿಗೆ ‘ಸರ್ವರ್ ಸಿಗ್ತಿಲ್ಲ’ ಅಂತ ಬಂದ್ರೆ ಒಂದ್ಸಲ ರೀಸ್ಟಾರ್ಟ್ ಮಾಡಿ, ಇಲ್ಲಾಂದ್ರೆ ಕಮಾಂಡ್ ಪ್ರಾಂಪ್ಟಲ್ಲಿ ಇದನ್ನ ಟೈಪ್ ಮಾಡಿ:

```
ipconfig /flushdns
```

ಅದಾದ್ಮೇಲೂ ಸಿಗ್ಲಿಲ್ಲ ಅಂದ್ರೆ ಹೆಚ್ಚಾಗಿ ನಿಮ್ಮ ರೂಟರಲ್ಲಿ ಯಾರೋ ಹಳೇ ಸರ್ವರಿನ ಐಪಿಗೆ ಮಾತ್ರ ಪರ್ಮಿಶನ್ ಕೊಟ್ಟಿರ್ತಾರೆ, ಸಿಸಿಟಿವಿ ಹಾಕಿದ ಹುಡುಗನೇ ನೆಟ್‌ವರ್ಕೂ ಮಾಡಿರೋ ಕಡೆ ಇದು ಜಾಸ್ತಿ. ಅಂಥೋರು ಈಗ್ಲೇ ಹೇಳಿ, ಈ ವಾರದಲ್ಲೇ ನಮ್ಮೋರು ಬಂದು ಸರಿ ಮಾಡ್ತಾರೆ.

ಪಾಸ್‌ವರ್ಡ್ ಬದಲಾಗಲ್ಲ. ‘ಸರ್ವರ್ ಶಿಫ್ಟಿಂಗ್ ಇದೆ, ಒಟಿಪಿ ಹೇಳಿ’ ಅಂತ ಯಾರಾದ್ರೂ ಫೋನ್ ಮಾಡಿದ್ರೆ ಅದು ನಾವಲ್ಲ, ಎಷ್ಟೇ ಚೆಂದ ಕನ್ನಡ ತುಳು ಮಾತಾಡಿದ್ರೂ ಕಟ್ ಮಾಡಿ. ಈ ಮಾತು ಗಲ್ಲಾದ ಹುಡುಗ್ರಿಗೂ ಹೇಳಿಡಿ, ಫೋನ್ ಎತ್ತೋರು ಅವರೇ ಅಲ್ವಾ.

ಆ ರಾತ್ರಿ ನಮ್ಮ ಟೀಮ್ ಪೂರ್ತಿ ಅಂಧೇರಿ ಆಫೀಸಲ್ಲಿರುತ್ತೆ. ಬಿಲ್ಲಿನ ಕೆಳಗೆ ಪ್ರಿಂಟ್ ಆಗೋ ಸಪೋರ್ಟ್ ನಂಬರಿಗೇ ಫೋನ್ ಮಾಡಿ, ವಾಟ್ಸಾಪೂ ಅದರಲ್ಲೇ ಇದೆ. ಬೆಳಿಗ್ಗೆ ಐದೂವರೆಯಿಂದ ಮಾಟುಂಗಾ, ವಾಶಿ, ಪುಣೆಯ ಡೆಕ್ಕನ್ ಮೂರು ಕಡೆ ಒಬ್ಬೊಬ್ಬರು ಬೈಕ್ ಇಟ್ಕೊಂಡು ರೆಡಿ ಇರ್ತಾರೆ. ಕೆಲಸ ಮುಗಿದ ತಕ್ಷಣ ಎಸ್‌ಎಂಎಸ್ ಬರುತ್ತೆ.

ಸುಧೀರ್
ಸಿಟಿಒ

ತಾಜಾ ಕಲಂ: ಊರಲ್ಲಿ ಕೂತು ಮೊಬೈಲಲ್ಲಿ ಸೇಲ್ ನೋಡೋ ಧನಿಗಳಿಗೆ: ಮಂಗಳವಾರದ ಟೋಟಲ್ ರಾತ್ರಿ 1:45ರೊಳಗೆ ನೋಡ್ಕೊಳ್ಳಿ, ಇಲ್ಲಾಂದ್ರೆ ಬೆಳಿಗ್ಗೆನೇ. ನಡುವೆ ಆಪಲ್ಲಿ ಸೊನ್ನೆ ತೋರಿಸಿದ್ರೆ ಮ್ಯಾನೇಜರನ್ನ ಎಬ್ಬಿಸಿ ಬೈಬೇಡಿ.