ಸಣ್ಣ ಮಾವನ ಹೆಸರು

ಮಗುವಿಗೆ ಕುಕ್ಕೆ ದೇವರ ಹೆಸರಿಡಬೇಕೆಂದು ಭಾಗೀರಥಜ್ಜಿ ಹೇಳಿದಾಗ ಮನೆಯವರೆಲ್ಲ ಸುಲಭವಾಗಿ ಒಪ್ಪಿದರು. ಸ್ಕಂದ ಎಂದರೆ ಬೆಂಗಳೂರಿನಲ್ಲಿಯೂ ಚೆಂದ ಕೇಳಿಸುತ್ತದೆಂದು ಬಾಣಂತಿ ಮೇಘನಾಳಿಗೆ ಸಮಾಧಾನವಾಯಿತು. ಅಜ್ಜಿ ಮಾತ್ರ ತಲೆಯಾಡಿಸಿ, ಪಂಚಾಂಗದ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಮೂರು ಅಕ್ಷರ ಬರೆದು ಮೊಮ್ಮಗ ಶ್ರೀಧರನ ಕೈಗಿತ್ತಳು: ಸುಬ್ರಾಯ.

ಮಗ ಮಂಜುನಾಥ ಹೆಗಡೆಯವರ ಮುಖ ಕಪ್ಪಿಟ್ಟಿತು. "ಆಯಿ, ಮನೆ ಮುಳುಗಿಸಿದವನ ಹೆಸರು ನಮ್ಮ ಕೂಸಿಗೇಕೆ?"

1932ರಲ್ಲಿ ಸಿದ್ದಾಪುರ ಸೀಮೆಯಲ್ಲಿ ಕರನಿರಾಕರಣೆ ನಡೆದಾಗ ತೀರ್ವೆ ಕಟ್ಟಕೂಡದೆಂದು ಹಟ ಹಿಡಿದು ಹಿಂಡಲಗಾ ಜೈಲಿಗೆ ಹೋದವನು ಅಜ್ಜಿಯ ಮಾವನ ತಮ್ಮ ಸುಬ್ರಾಯ. ಸರ್ಕಾರ ಅಡಿಕೆ ತೋಟವನ್ನು ಜಪ್ತಿ ಮಾಡಿ ಹರಾಜಿಗಿಟ್ಟಿತು. ತೊಟ್ಟಿಲನ್ನೂ ತಾಮ್ರದ ಹಂಡೆಯನ್ನೂ ಬಿಡಲಿಲ್ಲ. ಮುಂದೆ ಕಾಂಗ್ರೆಸ್ ಮಂತ್ರಿಮಂಡಳ ಬಂದ ಮೇಲೆ ಜಮೀನು ಮರಳಿತಾದರೂ, ಅಷ್ಟರಲ್ಲಿ ಆರೈಕೆಯಿಲ್ಲದ ತೋಟ ಹಾಳು ಬಿದ್ದು, ಮನೆಯವರು ಕೂಲಿಯನ್ನೂ ಮಾಡಿದ್ದರು. ಮದುವೆಯಾಗದ ಸುಬ್ರಾಯ ಆಮೇಲೆ ಬದುಕಿದ್ದಷ್ಟು ಕಾಲ ಹೊರಗಿನ ಜಗಲಿಯಲ್ಲೇ ಉಳಿದ. ಊಟಕ್ಕೆ ಕರೆಯುವಾಗಲೂ ಅವನು 'ಜೈಲಿನವನು' ಮಾತ್ರ. ಹುಟ್ಟಿದ ಗಂಡುಮಕ್ಕಳಿಗೆಲ್ಲ ಹಿರಿಯರ ಹೆಸರುಗಳು ಸರದಿಯಂತೆ ಬಂದವು, ಅವನದೊಂದನ್ನು ಬಿಟ್ಟು. ದೇಶಕ್ಕಾಗಿ ತೋಟ ಕಳೆದುಕೊಂಡೆವೆಂದು ಹೊರಗೆ ಹೇಳಿಕೊಳ್ಳುವ ಮನೆಯಲ್ಲಿಯೇ ಹೀಗಾಯಿತು ಎಂಬುದನ್ನು ಮರೆಯುವಂತಿಲ್ಲ.

ಹದಿನೆಂಟರ ಸೊಸೆಯಾಗಿ ಬಂದ ಭಾಗೀರಥಿಗೆ ಅಕ್ಷರ ಕಲಿಸಿದವನು ಅವನೇ. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ, ಅಡಿಕೆ ಸುಲಿಯುತ್ತಿದ್ದ ಅವಳ ಮುಂದೆ ಅವನು ಸಿಪ್ಪೆಗಳನ್ನು ಜೋಡಿಸಿ ಅಕ್ಷರ ಮಾಡುತ್ತಿದ್ದ. ಅವಳು ಓದಿದೊಡನೆ ಕಾಲಿನಿಂದ ಚದುರಿಸಿಬಿಡುತ್ತಿದ್ದ.

ಶ್ರೀಧರ ಒಂದು ದಾರಿ ಹುಡುಕಿದ. "ಜನನ ಪತ್ರದಲ್ಲಿ ಸುಬ್ರಾಯ ಎಂದೇ ಬರೆಸುತ್ತೇನೆ, ಅಜ್ಜಿ. ಕರೆಯುವುದು ಸ್ಕಂದ ಎಂದಿರಲಿ."

"ಕಾಗದದಲ್ಲಿ ಏನು ಬೇಕಾದರೂ ಬರೆಸಿಕೊಳ್ಳಿ. ಅವರ ಹೆಸರು ಪೊಲೀಸರ ಕಾಗದದಲ್ಲಿ ಬೇಕಾದಷ್ಟು ಸಲ ಬಂದಿದೆ. ಈ ಮನೆಯಲ್ಲಿ ಯಾರಾದರೂ ಬಾಯಿತುಂಬ ಕರೆಯಬೇಕು."

ಮೇಘನಾ ಮಗುವನ್ನು ತೊಡೆಯ ಮೇಲೆ ಸರಿಪಡಿಸಿಕೊಂಡಳು. "ಮತ್ತೆ ನೀವು ಹೇಗೆ ಕರೆಯುತ್ತೀರಿ, ಅಜ್ಜಿ? ಗಂಡನ ಮನೆಯ ಹಿರಿಯರ ಹೆಸರು ನೀವು ಹೇಳುವುದಿಲ್ಲವಲ್ಲ?"

"ನಾನು ತಮ್ಮಾ ಎನ್ನುತ್ತೇನೆ. ಕರೆಯಬೇಕಾದವರು ನೀವು."

ಹನ್ನೆರಡನೆಯ ದಿನ ಪುರೋಹಿತರು ಹರಿವಾಣದ ಅಕ್ಕಿಯನ್ನು ಸಮ ಮಾಡಿ, ಯಾವ ಹೆಸರೆಂದು ಕೇಳಿದರು. ಶ್ರೀಧರ ಅಪ್ಪನ ಕಡೆ ನೋಡಿದ. ಮಂಜುನಾಥ ಹೆಗಡೆಯವರು ಗಂಟಲು ಸರಿಮಾಡಿಕೊಂಡು, ಯಾರೊಡನೆಯೋ ಜಗಳಕ್ಕೆ ನಿಂತವರ ಹಾಗೆ ಗಟ್ಟಿಯಾಗಿಯೇ, "ಸುಬ್ರಾಯ" ಎಂದರು.